ತೆಂಗಿನೆಣ್ಣೆ ‘ಸೀದಾ ಲಿವರಿಗೆ’ ಹೋಗ್ತದಾ? ಒಂದು ಜಾಮ್ ಬಾಟ್ಲಿಯ ಕತೆ

ನಮ್ಮ ಕಾಸರಗೋಡು ಕಡೆ ಈಗ ತೆಂಗಿನೆಣ್ಣೆಯ ಮಾತಿಲ್ಲದೆ ಒಂದು ಮದುವೆಮನೆ ಊಟ ಮುಗಿಯೋದಿಲ್ಲ. ರೇಟು ಏರಿದ್ದು ಒಂದು ವಿಷಯ. ಇನ್ನೊಂದು, ಬಾಟ್ಲಿ ಮೇಲೆ ‘ಎಂಸಿಟಿ ಇದೆ’ ಅಂತ, ಅಂದ್ರೆ ಮೀಡಿಯಂ ಚೈನ್ ಟ್ರೈಗ್ಲಿಸರೈಡ್ ಅನ್ನುವ ನಡುಗಾತ್ರದ ಕೊಬ್ಬು ಇದೆ ಅಂತ ಬರೆದು ಎರಡು ಪಟ್ಟು ರೇಟಿಗೆ ಮಾರೋ ವರ್ಜಿನ್ ಎಣ್ಣೆ, ಅದರ ಬೆನ್ನಿಗೆ ವಾಟ್ಸಾಪಲ್ಲಿ ತಿರುಗೋ ಮೆಸೇಜು: ಬೇರೆ ಎಣ್ಣೆಯೆಲ್ಲ ರಕ್ತಕ್ಕೆ ಸೇರಿ ಕಟ್ಟಿಕೊಳ್ತದೆ, ತೆಂಗಿನೆಣ್ಣೆ ಮಾತ್ರ ಸೀದಾ ಲಿವರಿಗೆ ಹೋಗಿ ಉರಿದು ಹೋಗ್ತದೆ, ಪಿತ್ತವೂ ಬೇಡ ಎಂತದೂ ಬೇಡ. ಇದನ್ನು ನನಗೆ ಕಳಿಸಿದವರೇ ಹತ್ತು ಜನ ಇರಬಹುದು. ನಾನು ಲ್ಯಾಬಲ್ಲಿ ರಕ್ತ ಮೂತ್ರ ನೋಡ್ಕೊಂಡು ಇರೋನು, ಎಣ್ಣೆ ಬಗ್ಗೆ ಜಗಳಕ್ಕೆ ಹೋಗೋ ಅಭ್ಯಾಸ ಇಲ್ಲ, ಆದ್ರೆ ಆಚೆಮನೆ ಮಾವನ ಬಾಟ್ಲಿ ನೋಡಿದ ಮೇಲೆ ಇದನ್ನು ಬರೀಲೇಬೇಕು ಅಂತ ಆಯ್ತು.

ಮಾವನಿಗೆ ಅರವತ್ತೈದು ಆಗಿರ್ಬೇಕು, ಅಡಿಕೆ ತೋಟ ಉಂಟು, ಒಣಕಲು ಶರೀರ, ಶುಗರು ಬೀಪಿ ಎಂತದೂ ಇಲ್ಲ. ಒಂದು ದಿನ ಬೆಳಿಗ್ಗೆ ಹಳೇ ಜಾಮ್ ಬಾಟ್ಲಿ ಒಂದನ್ನು ಪೇಪರಲ್ಲಿ ಸುತ್ತಿ ತಂದ್ರು, "ನೋಡು ಮಾರಾಯ, ಇದು ನನ್ನದ್ದೇ" ಅಂದ್ರು. ಒಳಗೆ ಹಾಲು. ನಿಜವಾಗ್ಲೂ ಹಾಲಿನ ಹಾಗೇ ಇತ್ತು, ರಾತ್ರಿಯಿಂದ ಇಟ್ಟದ್ದಕ್ಕೆ ಮೇಲೆ ಕೆನೆಯ ಹಾಗೆ ಒಂದು ಪದರ ಬೇರೆ. ಆರು ತಿಂಗಳಿಂದ ಆಗೊಮ್ಮೆ ಈಗೊಮ್ಮೆ ಮೂತ್ರ ಅಕ್ಕಿ ತೊಳೆದ ನೀರಿನ ಹಾಗೆ ಹೋಗ್ತಿತ್ತಂತೆ, ಯಾರಿಗೂ ಹೇಳಿರ್ಲಿಲ್ಲ, ಮೊನ್ನೆ ಪೂಜೆ ಊಟಕ್ಕೆ ಹೋಗಿ ಹೋಳಿಗೆಗೆ ತುಪ್ಪ ಹಾಕ್ಸಿಕೊಂಡು ಕಾಯಿಹಾಲಿನ ಪಾಯಸ ಎರಡು ಸಲ ಹಾಕ್ಸಿಕೊಂಡು ಬಂದ ರಾತ್ರಿಯೇ ಹೀಗಾಯ್ತು.

ಬಿಳಿ ಮೂತ್ರ ಅಂದ ಕೂಡ್ಲೇ ಲ್ಯಾಬಿನವರಿಗೆ ಮೂರು ವಿಷಯ ತಲೆಗೆ ಬರ್ತದೆ. ಒಂದು ಫಾಸ್ಫೇಟ್ ಉಪ್ಪು, ಅದಾದ್ರೆ ನಾಲ್ಕು ಹನಿ ಅಸೆಟಿಕ್ ಆಸಿಡ್ ಹಾಕಿದ್ರೆ ತಿಳಿಯಾಗ್ತದೆ. ಇದು ಆಗ್ಲಿಲ್ಲ. ಎರಡನೇದು ಕೀವು, ಅದನ್ನು ಸೆಂಟ್ರಿಫ್ಯೂಜಲ್ಲಿ ತಿರುಗಿಸಿದ್ರೆ ಅಡಿಗೆ ಕೂತು ಮೇಲೆ ತಿಳಿ ನಿಲ್ತದೆ. ಇಲ್ಲಿ ತಿರುಗಿಸಿದ ಮೇಲೂ ಹಾಲು ಹಾಲೇ, ಬದಲಿಗೆ ಮೇಲಿನ ಕೆನೆ ದಪ್ಪ ಆಯ್ತು. ಮೂರನೇದು ಕೊಬ್ಬು. ಅದನ್ನು ನೋಡ್ಲಿಕ್ಕೆ ಸಮಸಮ ಈಥರ್ ಹಾಕಿ ಚೆನ್ನಾಗಿ ಕುಲುಕಿ ಸ್ಟ್ಯಾಂಡಲ್ಲಿ ಇಟ್ಟೆ. ನೋಡ್ತಾ ನೋಡ್ತಾ ಕೆಳಗಿನ ಪದರ ತಿಳಿಯಾಯ್ತು, ಬಿಳಿ ಇದ್ದದ್ದೆಲ್ಲ ಮೇಲಿನ ಈಥರಿಗೆ ಹೋಯ್ತು. ಈಥರಲ್ಲಿ ಕರಗುವಂಥದ್ದು ಕೊಬ್ಬು. ಮೂತ್ರದಲ್ಲಿ ಟ್ರೈಗ್ಲಿಸರೈಡ್ ನೋಡಿದ್ರೆ ಅದೂ ಇತ್ತು, ಸಾಮಾನ್ಯವಾಗಿ ಅಲ್ಲಿ ಅದು ಇರಲೇ ಬಾರದು. ಅಂದ್ರೆ ಮಾವ ಊಟದಲ್ಲಿ ತಿಂದ ತುಪ್ಪ ಮೂತ್ರದಲ್ಲಿ ಬರ್ತಾ ಉಂಟು. ಇದಕ್ಕೆ ಕೈಲೂರಿಯ ಅಂತ ಹೆಸರು.

ಮಂಗಳೂರಿನ ಆಸ್ಪತ್ರೆಗೆ ಹೋದ್ರು. ಡಾಕ್ಟ್ರು ಹಳೇ ಫೈಲೇರಿಯಾದಿಂದ ಆದದ್ದು ಅಂದ್ರು, ಮಾತ್ರೆ ಕೊಟ್ರು, ಎಣ್ಣೆ ತುಪ್ಪ ಕಾಯಿ ಎಲ್ಲ ಬಂದ್ ಮಾಡಿ, ಬೇಕಿದ್ರೆ ‘ಎಂಸಿಟಿ ಆಯಿಲ್’ ತಗೊಳ್ಳಿ ಅಂದ್ರು. ಮಗ ಪಾಪ ಕೇಳಿಸಿಕೊಂಡದ್ದು ‘ಎಂಸಿಟಿ’ ಅಂತ, ಪೇಟೆಯಲ್ಲಿ ಆ ಹೆಸರು ಯಾವುದರ ಮೇಲೆ ಉಂಟು ನೋಡಿದ, ವರ್ಜಿನ್ ತೆಂಗಿನೆಣ್ಣೆ ತಂದ. ದಿನಕ್ಕೆ ಮೂರು ದೊಡ್ಡ ಚಮಚ, ಔಷಧಿಯ ಹಾಗೆ. ಎರಡು ವಾರ ಕಳೆದು ಮಾವ ಮತ್ತೆ ಬಾಟ್ಲಿ ತಂದ್ರು. ಹೋಳಿಗೆ ಇಲ್ಲ, ಪಾಯಸ ಇಲ್ಲ, ಆದ್ರೂ ಬಿಳಿ ಹಾಗೇ ಉಂಟು. ಸೀದಾ ಲಿವರಿಗೆ ಹೋಗುವ ಎಣ್ಣೆ ಮೂತ್ರಕ್ಕೆ ಹೇಗೆ ಬಂತು?

ಇದಕ್ಕೆ ಉತ್ತರ ಬೇಕಾದ್ರೆ ಎಣ್ಣೆ ಹೊಟ್ಟೆಗೆ ಬಿದ್ದಲ್ಲಿಂದ ಹೊರಡ್ಬೇಕು.

ನಾವು ತಿನ್ನುವ ಕೊಬ್ಬಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಟ್ರೈಗ್ಲಿಸರೈಡೇ. ಒಂದು ಗ್ಲಿಸರಾಲಿಗೆ ಮೂರು ಫ್ಯಾಟಿ ಆಸಿಡ್ ಜೋತು ಬಿದ್ದ ಹಾಗೆ ಅದರ ರೂಪ, ಮೂರು ಚಿಪ್ಪಿನ ಬಾಳೆಗೊನೆ ಅಂತ ಬೇಕಾದ್ರೆ ಯೋಚ್ನೆ ಮಾಡಿ. ಇದು ಇಡಿಯಾಗಿ ಕರುಳಿನ ಗೋಡೆ ದಾಟೋದಿಲ್ಲ, ಕತ್ತರಿಸಬೇಕು. ಕತ್ತರಿಸುವ ಎನ್ಜೈಮಿಗೆ ಲೈಪೇಸ್ ಅಂತ ಹೆಸರು, ಅದು ನೀರಲ್ಲಿ ಇರೋದು, ಎಣ್ಣೆ ನೀರಿಗೆ ಸೇರೋದಿಲ್ಲ, ಹಾಗಾಗಿ ಎಣ್ಣೆ ಮತ್ತು ನೀರು ತಾಗುವ ಆ ಅಂಚಿನಲ್ಲಿ ಮಾತ್ರ ಕೆಲಸ ನಡೀಬೇಕು. ಅಂಚು ಜಾಸ್ತಿ ಆದಷ್ಟು ಕೆಲಸ ಜೋರು. ಒಂದು ಮಿಲ್ಲಿಮೀಟರಿನ ಒಂದು ಎಣ್ಣೆ ಹನಿಯನ್ನು ಒಂದೊಂದು ಮೈಕ್ರಾನಿನ ಹನಿಗಳಾಗಿ ಒಡೆದ್ರೆ ನೂರು ಕೋಟಿ ಹನಿ ಆಗ್ತದೆ, ಎಣ್ಣೆ ಅಷ್ಟೇ, ಆದ್ರೆ ಒಟ್ಟು ಮೇಲ್ಮೈ ಸಾವಿರ ಪಟ್ಟು. ಹೊಟ್ಟೆ ಕಡೆದು ಕಡೆದು ಒಡೆಯುವ ಕೆಲಸ ಶುರು ಮಾಡ್ತದೆ, ಅಲ್ಲಿಯೂ ಒಂದು ಲೈಪೇಸ್ ಉಂಟು, ಸ್ವಲ್ಪ ಕೊಬ್ಬು ಅಲ್ಲೇ ಕತ್ತರಿಸ್ತದೆ. ಉಳಿದದ್ದು ಸಣ್ಣ ಕರುಳಿನ ಬಾಬ್ತು.

ಒಡೆದ ಹನಿ ಸುಮ್ನೆ ಇರೋದಿಲ್ಲ, ಮತ್ತೆ ಒಂದಕ್ಕೊಂದು ಸೇರ್ತದೆ. ಕಾಯಿಹಾಲು ನೋಡಿ, ಅದೂ ನೀರಲ್ಲಿ ತೇಲುವ ಸಣ್ಣ ಸಣ್ಣ ಎಣ್ಣೆ ಹನಿಯೇ, ಸುತ್ತ ಕಾಯಿಯದ್ದೇ ಪ್ರೋಟೀನು ಹಿಡ್ಕೊಂಡದ್ದಕ್ಕೆ ಹಾಲಿನ ಹಾಗೆ ನಿಂತಿರ್ತದೆ. ಅದನ್ನೇ ಉರುಳಿಯಲ್ಲಿ ಕಾಸಿದ್ರೆ ಪ್ರೋಟೀನು ಕೆಟ್ಟು ಹನಿಗಳೆಲ್ಲ ಸೇರಿ ಎಣ್ಣೆ ಬಿಡ್ತದೆ, ನಮ್ಮಲ್ಲಿ ಮಲಯಾಳದವರು ಉರುಕ್ಕು ವೆಳಿಚ್ಚೆಣ್ಣ ಮಾಡೋದು ಹೀಗೇ. ಕರುಳಿನಲ್ಲಿ ಹನಿ ಸೇರದ ಹಾಗೆ ಹಿಡಿಯುವ ಕೆಲಸ ಪಿತ್ತದ್ದು. ಕೊಬ್ಬು ಕರುಳಿನ ಮೊದಲ ಭಾಗಕ್ಕೆ, ಡುಯೊಡಿನಮ್ಮಿಗೆ ಬಂದದ್ದೇ ಅಲ್ಲಿನ ಗೋಡೆ ಸಿಸಿಕೆ ಅನ್ನುವ ಹಾರ್ಮೋನು ಬಿಡ್ತದೆ, ಪಿತ್ತಕೋಶ ಹಿಂಡ್ತದೆ, ನಾಳ ಕರುಳಿಗೆ ಸೇರುವಲ್ಲಿನ ಬಾಗಿಲು ಸಡಿಲ ಆಗ್ತದೆ, ಪ್ಯಾಂಕ್ರಿಯಾಸ್ ಎನ್ಜೈಮು ಸುರೀತದೆ. ಇನ್ನೊಂದು ಹಾರ್ಮೋನು ಸಿಕ್ರೆಟಿನ್, ಅದು ಬೈಕಾರ್ಬೊನೇಟ್ ಬಿಡಿಸಿ ಹೊಟ್ಟೆಯ ಆಸಿಡನ್ನು ಇಳಿಸ್ತದೆ, ಯಾಕಂದ್ರೆ ಪ್ಯಾಂಕ್ರಿಯಾಸಿನ ಲೈಪೇಸು ಆಸಿಡಲ್ಲಿ ಬದುಕೋದಿಲ್ಲ.

ಪಿತ್ತದ ಉಪ್ಪು ಅಂದ್ರೆ ಎಂತ? ಲಿವರು ಕೊಲೆಸ್ಟರಾಲಿನಿಂದ ಮಾಡುವ ಒಂದು ಚಪ್ಪಟೆ ಅಣು, ತುದಿಗೆ ಗ್ಲೈಸೀನ್ ಅಥವಾ ಟಾರೀನ್ ಕಟ್ಟಿರ್ತದೆ. ಸೋಪಿನ ಹಾಗೆ ತಲೆ ಬಾಲ ಅಲ್ಲ ಇದಕ್ಕೆ, ಅಡಿಕೆ ಹಾಳೆಯ ಹಾಗೆ ಎರಡು ಮುಖ. ಒಂದು ಮುಖಕ್ಕೆ ಎಣ್ಣೆ ಇಷ್ಟ, ಇನ್ನೊಂದು ಮುಖಕ್ಕೆ ನೀರು ಇಷ್ಟ. ಎಣ್ಣೆ ಹನಿಯ ಮೇಲೆ ಎಣ್ಣೆ ಮುಖ ಒಳಗೆ ಮಾಡಿ ಮಲಗ್ತದೆ, ಪಿತ್ತದಲ್ಲೇ ಬರುವ ಲೆಸಿಥಿನ್ನೂ ಜೊತೆಗೆ ಸೇರ್ತದೆ, ಹನಿ ಪುನಃ ದೊಡ್ಡದಾಗೋದಿಲ್ಲ.

ಇಲ್ಲಿ ಒಂದು ತಪ್ಪು ತಿಳುವಳಿಕೆ ಉಂಟು, ಶಾಲೆಯಲ್ಲಿ ನಾವೂ ಹಾಗೇ ಬರ್ದು ಮಾರ್ಕ್ ತಗೊಂಡದ್ದು, ‘ಪಿತ್ತರಸ ಕೊಬ್ಬನ್ನು ಜೀರ್ಣಿಸುತ್ತದೆ’ ಅಂತ. ಪಿತ್ತದಲ್ಲಿ ಕತ್ತರಿಸುವ ಎನ್ಜೈಮು ಒಂದೂ ಇಲ್ಲ. ಅಷ್ಟೇ ಅಲ್ಲ, ಪಿತ್ತದ ಉಪ್ಪು ಹನಿಯ ಮೈಮೇಲೆಲ್ಲ ಹಾಸಿಕೊಂಡದ್ದರಿಂದ ಲೈಪೇಸಿಗೆ ಕೂರ್ಲಿಕ್ಕೇ ಜಾಗ ಇರೋದಿಲ್ಲ, ತಳ್ಳಿ ಬಿಡ್ತದೆ! ಸಹಾಯಕ್ಕೆ ಬಂದವನೇ ಅಡ್ಡ ನಿಂತ ಹಾಗೆ. ಹಾಗಾಗಿ ಪ್ಯಾಂಕ್ರಿಯಾಸು ಲೈಪೇಸಿನ ಜೊತೆ ಕೋಲೈಪೇಸ್ ಅಂತ ಒಂದು ಪುಟ್ಟ ಪ್ರೋಟೀನು ಕಳಿಸ್ತದೆ, ಕರುಳಲ್ಲಿ ಟ್ರಿಪ್ಸಿನ್ ಅದರ ಒಂದು ತುಂಡು ಕತ್ತರಿಸಿ ಎಬ್ಬಿಸ್ತದೆ, ಅದು ಪಿತ್ತದ ಪದರದ ನಡುವೆ ನುಗ್ಗಿ ಹನಿಗೆ ಅಂಟಿಕೊಂಡು ಲೈಪೇಸನ್ನು ಕೈಹಿಡಿದು ಕೂರಿಸ್ತದೆ. ಕೂತ ಲೈಪೇಸು ಮೂರರಲ್ಲಿ ಎರಡು ಚಿಪ್ಪು ಕತ್ತರಿಸ್ತದೆ, ಆಚೆದೊಂದು ಈಚೆದೊಂದು. ನಡುವಿನದ್ದಕ್ಕೆ ಕೈ ಹಾಕೋದಿಲ್ಲ. ಸಿಗೋದು ಎರಡು ಬಿಡಿ ಫ್ಯಾಟಿ ಆಸಿಡು, ಮತ್ತೆ ನಡುವಿನ ಫ್ಯಾಟಿ ಆಸಿಡು ಗ್ಲಿಸರಾಲಿಗೆ ಅಂಟಿಕೊಂಡೇ ಉಳಿದ ಮೋನೋಗ್ಲಿಸರೈಡು. ನಡುವಿನದ್ದು ಉಳೀತದೆ ಅನ್ನೋದನ್ನು ದಯವಿಟ್ಟು ನೆನಪಲ್ಲಿ ಇಡಿ, ಮಾವನ ಬಾಟ್ಲಿಗೆ ಅದು ಬೇಕು.

ಪಿತ್ತ ಬೇಕು, ಪ್ಯಾಂಕ್ರಿಯಾಸೂ ಬೇಕು ಅಂತ ಮೊದಲು ತೋರಿಸಿದ ಪ್ರಯೋಗ ನನಗೆ ತುಂಬ ಇಷ್ಟ. ಮೊಲದಲ್ಲಿ ಪಿತ್ತದ ನಾಳ ಕರುಳಿಗೆ ಮೇಲೇ ಸೇರ್ತದೆ, ಪ್ಯಾಂಕ್ರಿಯಾಸಿನ ನಾಳ ತುಂಬ ಕೆಳಗೆ. 1840ರ ದಶಕದಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಮೊಲಕ್ಕೆ ಕೊಬ್ಬು ತಿನ್ನಿಸಿ ಹೊಟ್ಟೆ ತೆರೆದು ನೋಡಿದ, ಕರುಳಿನಿಂದ ಹೊರಡುವ ಸಣ್ಣ ನಾಳಗಳು ಪ್ಯಾಂಕ್ರಿಯಾಸಿನ ನಾಳ ಸೇರಿದ ಜಾಗದ ಕೆಳಗೆ ಮಾತ್ರ ಬೆಳ್ಳಗೆ, ಅದಕ್ಕಿಂತ ಮೇಲೆ ಪಿತ್ತ ಮಾತ್ರ ಇರುವಲ್ಲಿ ಬಿಳಿ ಇಲ್ಲ. ಅಂದ್ರೆ ಪಿತ್ತ ಒಂದೇ ಸಾಲದು. ಆಮೇಲೆ ಅದೇ ದೇಶದ ದಾಸ್ತ್ರ್ ನಾಯಿಯಲ್ಲಿ ಇದನ್ನು ತಿರುಗಿಸಿದ, ಪಿತ್ತವನ್ನು ಕರುಳಿನ ಕೆಳಭಾಗಕ್ಕೆ ಹೊಲಿದು ಸೇರಿಸಿದ, ಪ್ಯಾಂಕ್ರಿಯಾಸು ಮೇಲೇ ಇತ್ತು. ಈ ಸಲ ಪಿತ್ತ ಸೇರಿದ ಜಾಗದ ಕೆಳಗೆ ಮಾತ್ರ ನಾಳ ಬೆಳ್ಳಗಾಯ್ತು. ಎರಡನ್ನೂ ಜೋಡಿಸಿ ಓದಿದ್ರೆ ವಿಷಯ ಮುಗೀತು.

ಕತ್ತರಿಸಿ ಆಯ್ತು, ಆದ್ರೆ ಫ್ಯಾಟಿ ಆಸಿಡೂ ಮೋನೋಗ್ಲಿಸರೈಡೂ ನೀರಿಗೆ ಅಷ್ಟಾಗಿ ಸೇರುವಂಥದ್ದಲ್ಲ. ಕರುಳಿನ ಗೋಡೆಗೆ ತಾಗಿ ಒಂದು ತೆಳು ನೀರಿನ ಪದರ ಇರ್ತದೆ, ಕರುಳು ಎಷ್ಟು ಕಲಕಿದ್ರೂ ಅಲ್ಲಿ ನೀರು ಅಲುಗಾಡೋದಿಲ್ಲ, ತೋಡಿನ ಬದಿಯಲ್ಲಿ ನಿಂತ ನೀರಿನ ಹಾಗೆ. ಅದನ್ನು ದಾಟಿಸ್ಲಿಕ್ಕೆ ದೋಣಿ ಬೇಕು. ಆ ದೋಣಿಯೇ ಮೈಸೆಲ್. ಪಿತ್ತದ ಉಪ್ಪು ಒಂದು ಮಟ್ಟಕ್ಕಿಂತ ಜಾಸ್ತಿ ಸೇರಿದ್ರೆ, ಲೀಟರಿಗೆ ಸುಮಾರು 2ರಿಂದ 5 ಮಿಲ್ಲಿಮೋಲ್ ಅಂತ ಇಟ್ಕೊಳ್ಳಿ, ಅಣುಗಳು ತಾವಾಗಿಯೇ ಗುಂಪು ಕಟ್ಟಿಕೊಳ್ತವೆ, ನೀರು ಮುಖ ಹೊರಗೆ, ಎಣ್ಣೆ ಮುಖ ಒಳಗೆ, ಒಳಗಡೆ ಕತ್ತರಿಸಿದ ಕೊಬ್ಬು, ಕೊಲೆಸ್ಟರಾಲು, ಎ ಡಿ ಇ ಕೆ ವಿಟಮಿನ್ನು. ಗಾತ್ರ 4ರಿಂದ 8 ನ್ಯಾನೋಮೀಟರು, ಮೊದಲಿನ ಒಂದು ಮೈಕ್ರಾನ್ ಹನಿಗಿಂತ ನೂರು ಇನ್ನೂರು ಪಟ್ಟು ಸಣ್ಣದು. ಹನಿ ಇರುವ ನೀರು ಬೆಳ್ಳಗೆ ಕಾಣ್ತದೆ, ಮೈಸೆಲ್ ಇರುವ ನೀರು ತಿಳಿಯಾಗಿ ಕಾಣ್ತದೆ, ಅಷ್ಟು ಸಣ್ಣದು. ಮಟ್ಟಕ್ಕಿಂತ ಕಡಿಮೆ ಇದ್ರೆ ದೋಣಿಯೇ ಕಟ್ಟೋದಿಲ್ಲ, ನಾಳ ಕಲ್ಲಿನಿಂದ ಕಟ್ಟಿ ಕಾಮಾಲೆ ಆದವರಿಗೆ ಮಲ ಬಿಳಿಚಿಕೊಂಡು ಜಿಡ್ಡು ಜಿಡ್ಡಾಗಿ ಹೋಗೋದು, ವಿಟಮಿನ್ ಕೆ ಸಿಗದೆ ಗಾಯ ಆದ್ರೆ ರಕ್ತ ಬೇಗ ನಿಲ್ಲದೆ ಇರೋದು ಇದಕ್ಕೇ.

ದೋಣಿ ಗೋಡೆಯ ಒಳಗೆ ಹೋಗೋದಿಲ್ಲ, ದಡಕ್ಕೆ ತಾಗಿ ಜನ ಇಳಿಸಿ ವಾಪಸು ಬರ್ತದೆ. ಪಿತ್ತದ ಉಪ್ಪು ಹಾಗೇ ಕೆಳಗೆ ಕೆಳಗೆ ಹೋಗಿ ಸಣ್ಣ ಕರುಳಿನ ಕೊನೆಯಲ್ಲಿ, ಇಲಿಯಮ್ಮಲ್ಲಿ, ನೂರರಲ್ಲಿ ತೊಂಬತ್ತೈದು ಪಾಲು ಹೀರಿಕೊಂಡು ಲಿವರಿಗೆ ಮರಳ್ತದೆ. ನಮ್ಮ ಮೈಯಲ್ಲಿ ಒಟ್ಟು ಇರೋದೇ 2ರಿಂದ 4 ಗ್ರಾಂ, ಅದೇ ದಿನಕ್ಕೆ ಆರರಿಂದ ಹತ್ತು ಸಲ ಸುತ್ತು ಹೊಡೀತದೆ, ಕಳೆದುಹೋಗುವ ಅರ್ಧ ಗ್ರಾಮಿನಷ್ಟನ್ನು ಲಿವರು ಹೊಸತಾಗಿ ಮಾಡ್ತದೆ. (ಗಾಲ್ ಬ್ಲ್ಯಾಡರ್ ತೆಗೆಸಿದವರು ಇನ್ನು ಎಣ್ಣೆಯೇ ಮುಟ್ಟಬಾರದು ಅಂತ ಕೆಲವರು ಹೆದರಿಸ್ತಾರಲ್ಲ, ಪಿತ್ತ ಮಾಡೋದು ಲಿವರು, ಕೋಶ ಬರೀ ಗೋಡೌನು. ಗೋಡೌನ್ ಹೋದ್ರೆ ಸರಕು ಒಟ್ಟಿಗೆ ಬರುವ ಬದಲು ಸ್ವಲ್ಪ ಸ್ವಲ್ಪವೇ ಬರ್ತಾ ಇರ್ತದೆ, ಹೆಚ್ಚಿನವರಿಗೆ ಅದು ಸಾಕಾಗ್ತದೆ.)

ಇನ್ನು ಗೋಡೆಯ ಒಳಗೆ. ಇಲ್ಲಿ ಕರುಳಿನ ಜೀವಕೋಶ ಮಾಡುವ ಕೆಲಸ ಮೊದಲ ಸಲ ಓದಿದಾಗ ನನಗೆ ಹುಚ್ಚು ಅನ್ನಿಸಿತ್ತು. ಅಷ್ಟು ಕಷ್ಟಪಟ್ಟು ಕತ್ತರಿಸಿ ಒಳಗೆ ತಂದದ್ದನ್ನು ಮತ್ತೆ ಜೋಡಿಸ್ತದೆ! ಮೋನೋಗ್ಲಿಸರೈಡಿಗೆ ಎರಡು ಫ್ಯಾಟಿ ಆಸಿಡ್ ಅಂಟಿಸಿ ಪುನಃ ಟ್ರೈಗ್ಲಿಸರೈಡು. ಗೊನೆ ಬಿಡಿಸಿ ಬಾಗಿಲು ದಾಟಿಸಿ ಒಳಗೆ ಗೊನೆ ಕಟ್ಟಿದ ಹಾಗೆ. ಬಿಡಿ ಫ್ಯಾಟಿ ಆಸಿಡ್ ಒಂದೇ ಕಡೆ ಗುಡ್ಡೆ ಬಿದ್ರೆ ಜೀವಕೋಶದ ಪೊರೆಯನ್ನೇ ಕೆಡಿಸ್ತದೆ, ಜೋಡಿಸಿ ಇಟ್ಟದ್ದು ಸುರಕ್ಷಿತ. ಆ ಟ್ರೈಗ್ಲಿಸರೈಡನ್ನೆಲ್ಲ ಒಟ್ಟುಮಾಡಿ ಮೇಲೆ ಫಾಸ್ಫೋಲಿಪಿಡ್ ಹೊದೆಸಿ, ಅಪೋಬಿ-48 ಅನ್ನುವ ಒಂದು ಉದ್ದದ ಪ್ರೋಟೀನು ಸುತ್ತಿ ಮೂಟೆ ಕಟ್ತದೆ. ಇದು ಕೈಲೋಮೈಕ್ರಾನ್. ಗಾತ್ರ ಸುಮಾರು 75 ನ್ಯಾನೋಮೀಟರಿಂದ ಹಿಡಿದು ತುಪ್ಪದೂಟದ ದಿನ 600, ಅದಕ್ಕೂ ಜಾಸ್ತಿ.

ಈ ಮೂಟೆ ರಕ್ತದ ನಾಳಕ್ಕೆ ಸೀದಾ ಹೋಗೋದಿಲ್ಲ, ಲಿಂಫಿಗೆ ಹೋಗ್ತದೆ, ಅಂದ್ರೆ ಅಂಗಾಂಶಗಳ ನಡುವೆ ಉಳಿದ ನೀರನ್ನು ರಕ್ತಕ್ಕೆ ವಾಪಸು ಒಯ್ಯುವ ಬೇರೆಯೇ ನಾಳಗಳ ಜಾಲಕ್ಕೆ. ಅಲ್ಲಿಗೇ ಯಾಕೆ ಅನ್ನುವ ಪ್ರಶ್ನೆಗೆ ಉತ್ತರ ಈ ಗಾತ್ರದಲ್ಲಿ ಉಂಟು. ಕರುಳಿನ ಗೋಡೆಯಲ್ಲಿ ಬೆರಳಿನ ಹಾಗೆ ಎದ್ದುನಿಂತ ವಿಲ್ಲಸ್ ಒಂದೊಂದರ ಒಳಗೂ ಎರಡು ದಾರಿ. ಒಂದು ರಕ್ತದ ಕ್ಯಾಪಿಲ್ಲರಿ, ಅದರ ಗೋಡೆಯಲ್ಲಿ ಕಿಂಡಿ ಉಂಟು, ಆದ್ರೆ ಕಿಂಡಿ ಸುಮಾರು 60 ನ್ಯಾನೋಮೀಟರು, ಅದಕ್ಕೂ ತೆಳು ಪರದೆ, ಹೊರಗಿನಿಂದ ಬೇಸ್‌ಮೆಂಟ್ ಮೆಂಬ್ರೇನ್ ಅನ್ನುವ ಜಾಳಿಗೆ. ಸಕ್ಕರೆ, ಅಮೈನೋ ಆಸಿಡು ಸುಲಭವಾಗಿ ನುಸುಳ್ತದೆ, ಮೂಟೆ ನುಸುಳೋದಿಲ್ಲ. ಇನ್ನೊಂದು ನಡುವಲ್ಲಿರುವ ಲ್ಯಾಕ್ಟಿಯಲ್, ಲಿಂಫಿನ ನಾಳ. ಅದಕ್ಕೆ ಆ ಜಾಳಿಗೆ ಸರಿಯಾಗಿ ಇಲ್ಲ, ಜೀವಕೋಶಗಳು ಅಂಗಿಗೆ ಗುಂಡಿ ಹಾಕಿದ ಹಾಗೆ ಅಲ್ಲಲ್ಲಿ ಮಾತ್ರ ಹೊಂದಿಕೊಂಡಿರ್ತವೆ, ಗುಂಡಿಯ ನಡುವೆ ದೊಡ್ಡ ಸಂದಿ. ಮೂಟೆಗೆ ಆ ದಾರಿಯೇ ಗತಿ. ಎಣ್ಣೆಗೂ ನೀರಿಗೂ ಜಗಳ ಅಂತ ಲಿಂಫಿಗೆ ಹೋದದ್ದಲ್ಲ, ಕರುಳೇ ಮೂಟೆಯನ್ನು ಅಷ್ಟು ದೊಡ್ಡದಾಗಿ ಕಟ್ಟಿದ್ದಕ್ಕೆ ಹೋದದ್ದು. ಈ ವ್ಯತ್ಯಾಸ ಸಣ್ಣದು ಅಂತ ಕಾಣ್ತದೆ, ಆದ್ರೆ ಎಂಸಿಟಿಯ ಪೂರಾ ಕತೆ ಇದರ ಮೇಲೇ ನಿಂತಿರೋದು.

ಲ್ಯಾಕ್ಟಿಯಲ್ ಅಂದ್ರೇ ಹಾಲಿನದ್ದು ಅಂತ ಅರ್ಥ. 1622ರಲ್ಲಿ ಇಟಲಿಯ ಗಾಸ್ಪರೆ ಅಸೆಲ್ಲಿ ಹೊಟ್ಟೆತುಂಬ ತಿಂದಿದ್ದ ನಾಯಿಯೊಂದರ ಹೊಟ್ಟೆ ತೆರೆದಾಗ ಕರುಳಿನ ಸುತ್ತ ಬಿಳಿ ದಾರಗಳು ಕಂಡವು, ನರ ಅಂದ್ಕೊಂಡು ಒಂದನ್ನು ಕೊಯ್ದ, ಹಾಲಿನಂಥದ್ದು ಚಿಮ್ಮಿತು. ಆತ ಅದೆಲ್ಲ ಲಿವರಿಗೇ ಹೋಗ್ತದೆ ಅಂದ್ಕೊಂಡ. ನೋಡಿ, ‘ಸೀದಾ ಲಿವರಿಗೆ’ ಅನ್ನುವ ಮಾತಿಗೆ ನಾನೂರು ವರ್ಷ ಆಯ್ತು! 1651ರಲ್ಲಿ ಜ್ಯಾಂ ಪೆಕೆ ಆ ಹಾಲಿನ ದಾರಿ ಹಿಡ್ಕೊಂಡು ಹೋಗಿ ತೋರಿಸಿದ, ಬೆನ್ನುಮೂಳೆಯ ಎದುರು ಒಂದು ಚೀಲಕ್ಕೆ ಸೇರಿ, ಅಲ್ಲಿಂದ ಥೊರಾಸಿಕ್ ಡಕ್ಟ್ ಹಿಡಿದು ಎದೆಯೊಳಗೆ ಏರಿ, ಕುತ್ತಿಗೆಯ ಬುಡದಲ್ಲಿ ರಕ್ತದ ದೊಡ್ಡ ನಾಳಕ್ಕೆ ಬೀಳ್ತದೆ. ಮನುಷ್ಯರಲ್ಲಿ ಅದು ಎಡಗಡೆ ಭುಜದ ಹತ್ತಿರ. ಅಲ್ಲಿಂದ ಹೃದಯ, ಶ್ವಾಸಕೋಶ, ಮತ್ತೆ ಪೂರಾ ಮೈ. ಸ್ನಾಯು, ಕೊಬ್ಬಿನ ಅಂಗಾಂಶದ ಕ್ಯಾಪಿಲ್ಲರಿಗಳಲ್ಲಿ ಲೈಪೋಪ್ರೋಟೀನ್ ಲೈಪೇಸ್ ಕಾದು ಕೂತಿರ್ತದೆ, ಮೂಟೆ ಬಿಚ್ಚಿ ಕೊಬ್ಬು ಇಳಿಸಿಕೊಳ್ತದೆ, ಖಾಲಿ ಆದ ಗೋಣಿ ಮಾತ್ರ ಕೊನೆಗೆ ಲಿವರಿಗೆ. ಸಕ್ಕರೆ ಮೊದಲು ಲಿವರಿಗೆ, ಕೊಬ್ಬು ಮೊದಲು ಊರಿಡೀ ತಿರುಗಿ ಆಮೇಲೆ ಲಿವರಿಗೆ. ಒಂದೇ ಊಟದ ತುಪ್ಪ ಅಷ್ಟನ್ನೂ ಲಿವರಿನ ತಲೆಗೆ ಕಟ್ಟದೆ, ಬೇಕಾದವರಿಗೆ ಮೊದಲು ಹಂಚುವ ಏರ್ಪಾಡು ಇದು.

ಲ್ಯಾಬಲ್ಲಿ ಇದು ದಿನಾ ಕಾಣ್ತದೆ. ಲಿಪಿಡ್ ಟೆಸ್ಟಿಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದ್ರೂ ಬನ್ಸು ತಿಂದು ಬರ್ತಾರೆ, ಕೇಳಿದ್ರೆ "ಇಲ್ಲಪ್ಪ, ಬರೀ ಚಾಯ". ರಕ್ತ ತಿರುಗಿಸಿ ಇಟ್ರೆ ಮೇಲಿನ ಸೀರಂ ತಿಳಿಹಳದಿ ಇರುವ ಬದಲು ಮಜ್ಜಿಗೆ ಬಣ್ಣ. ಕೊಬ್ಬು ತಿಂದು ಮೂರು ನಾಲ್ಕು ಗಂಟೆಗೆ ಅದು ಜೋರಿರ್ತದೆ. ಬನ್ಸು ಸುಳ್ಳು ಹೇಳೋದಿಲ್ಲ.

ಈಗ ಮಾವನಿಗೆ ಬರುವ. ಫೈಲೇರಿಯಾದ ಹುಳ, ಸೊಳ್ಳೆಯಿಂದ ಬರೋದು, ಕೂರೋದೇ ಲಿಂಫಿನ ನಾಳದಲ್ಲಿ. ಹೆಚ್ಚಿನವರಿಗೆ ಕಾಲು ಬೀಗೋದು ಗೊತ್ತುಂಟು. ಕೆಲವರಿಗೆ ಎಷ್ಟೋ ವರ್ಷ ಕಳೆದ ಮೇಲೆ ಹೊಟ್ಟೆಯ ಹಿಂಬದಿಯ ನಾಳಗಳು ಕೆಟ್ಟು ಕಟ್ಟಿಕೊಳ್ತವೆ, ಮೇಲೆ ಹೋಗಬೇಕಾದ ಕರುಳಿನ ಹಾಲು ಹಿಂದಕ್ಕೆ ಒತ್ತಿ ಕಿಡ್ನಿಯ ಲಿಂಫ್ ನಾಳಕ್ಕೆ ನುಗ್ತದೆ, ಅವು ಉಬ್ಬಿ ಉಬ್ಬಿ ಕಿಡ್ನಿಯ ಮೂತ್ರ ಸೇರುವ ಜಾಗಕ್ಕೆ ಒಡೀತವೆ. ಮಾವ ಹರೆಯದಲ್ಲಿ ಕರಾವಳಿ ಪೇಟೆಯೊಂದರ ಹೋಟೆಲಲ್ಲಿ ಹತ್ತು ವರ್ಷ ಇದ್ದವರು, ಸೊಳ್ಳೆಗೆ ಅಲ್ಲಿ ಬರಗಾಲ ಇರ್ಲಿಲ್ಲ. ಕಿಡ್ನಿಯ ಶೋಧಕಕ್ಕೆ ಎಂತದೂ ಆಗಿಲ್ಲ ಅನ್ನೋದನ್ನು ಗಮನಿಸಿ, ಇದು ಪೈಪು ತೂತಾದದ್ದು. ತೂತಿಂದ ಕೊಬ್ಬು ಮಾತ್ರ ಹೋಗೋದೂ ಅಲ್ಲ, ಲಿಂಫಿನ ಪ್ರೋಟೀನೂ ಬಿಳಿ ರಕ್ತಕಣವೂ ಹೋಗ್ತದೆ, ಹಾಗಾಗಿಯೇ ಮಾವ ಆರು ತಿಂಗಳಲ್ಲಿ ಇಳಿದು ಹೋದದ್ದು.

ಅವರ ಬಾಟ್ಲಿ ಬಿಳಿ ಆಗ್ತದಾ ಇಲ್ವಾ ಅನ್ನೋದು ತಿಂದ ಕೊಬ್ಬು ಮೂಟೆ ಕಟ್ಟಿಸಿಕೊಳ್ತದಾ ಇಲ್ವಾ ಅನ್ನೋದರ ಪರೀಕ್ಷೆ. ಫ್ಯಾಟಿ ಆಸಿಡ್ ಅಂದ್ರೆ ಕಾರ್ಬನಿನ ಸರಪಳಿ, ಒಂದೊಂದರ ಉದ್ದ ಒಂದೊಂದು. ಎಂಟು ಮತ್ತು ಹತ್ತು ಕಾರ್ಬನಿನ ಫ್ಯಾಟಿ ಆಸಿಡ್ ಸಣ್ಣವು, ನೀರಿಗೆ ತಕ್ಕಮಟ್ಟಿಗೆ ಸೇರ್ತವೆ, ಮೈಸೆಲ್ಲಿನ ದೋಣಿ ಇಲ್ಲದೆಯೂ ದಾಟ್ತವೆ, ಒಳಗೆ ಬಂದ ಮೇಲೆ ಜೀವಕೋಶ ಅವನ್ನು ಗೊನೆಗೆ ಜೋಡಿಸ್ಲಿಕ್ಕೆ ಹೋಗೋದಿಲ್ಲ, ಬಿಡಿಯಾಗಿಯೇ ಕ್ಯಾಪಿಲ್ಲರಿಯ ಕಿಂಡಿ ನುಸುಳಿ ಅಲ್ಬುಮಿನ್ ಹಿಡ್ಕೊಂಡು ಪೋರ್ಟಲ್ ನಾಳದಲ್ಲಿ ಲಿವರಿಗೆ. ಇವು ಮಾತ್ರ ನಿಜವಾಗಿ ಸೀದಾ ಹೋಗೋದು. ಔಷಧಿ ಅಂಗಡಿಯ ಎಂಸಿಟಿ ಆಯಿಲಲ್ಲಿ ಹೆಚ್ಚುಕಮ್ಮಿ ಪೂರಾ ಈ ಎರಡೇ. ತೆಂಗಿನೆಣ್ಣೆಯಿಂದಲೇ ಬೇರ್ಪಡಿಸಿ ತೆಗೆಯೋದು ಉಂಟು, ಗೊಂದಲಕ್ಕೆ ಅದೂ ಒಂದು ಕಾರಣ.

ತೆಂಗಿನೆಣ್ಣೆಯಲ್ಲಿ ಎಂಟು ಹತ್ತು ಸೇರಿ ನೂರಕ್ಕೆ ಸುಮಾರು 14. ಹನ್ನೆರಡು ಕಾರ್ಬನಿನ ಲಾರಿಕ್ ಆಸಿಡ್ ಸುಮಾರು 48, ಉಳಿದ 38ರಷ್ಟು ಹದಿನಾಲ್ಕು, ಹದಿನಾರು, ಹದಿನೆಂಟು, ಅವು ಅಪ್ಪಟ ಮೂಟೆಯ ಗಿರಾಕಿಗಳು. ಮಾವನ ಮೂರು ಚಮಚ ಅಂದ್ರೆ 40 ಗ್ರಾಂ ಅಂತ ಲೆಕ್ಕ ಹಾಕಿ. ಸೀದಾ ಲಿವರಿಗೆ ಹೋಗುವ ಎಂಟು ಹತ್ತು ಐದೂವರೆ ಗ್ರಾಂ. ಲಿಂಫಿಗೇ ಹೋಗುವ ಉದ್ದದವು ಹದಿನೈದು ಗ್ರಾಂ. ನಡುವಲ್ಲಿ ಲಾರಿಕ್ಕು ಹತ್ತೊಂಬತ್ತು ಗ್ರಾಂ. ಜಗಳ ಇರೋದು ಇದರದ್ದೇ. ಕೆಮಿಸ್ಟ್ರಿ ಪುಸ್ತಕದಲ್ಲಿ ಹನ್ನೆರಡನ್ನೂ ಮೀಡಿಯಂ ಚೈನ್ ಲಿಸ್ಟಿಗೆ ಸೇರಿಸ್ತಾರೆ, ಬಾಟ್ಲಿಯವರು ಅದನ್ನು ಹಿಡ್ಕೊಂಡು ‘ನೂರಕ್ಕೆ ಅರವತ್ತು ಎಂಸಿಟಿ’ ಅಂತ ಬರೀತಾರೆ, ಸುಳ್ಳು ಅಂತ ಕೇಸು ಹಾಕ್ಲಿಕ್ಕೆ ಬರೋದಿಲ್ಲ. ಆದ್ರೆ ಕರುಳು ಲಿಸ್ಟು ನೋಡೋದಿಲ್ಲ. ಲಾರಿಕ್ಕಿನ ಒಂದು ಪಾಲು ಪೋರ್ಟಲ್ ದಾರಿ ಹಿಡೀತದೆ, ಇನ್ನೊಂದು ದೊಡ್ಡ ಪಾಲು ಗೊನೆಗೆ ಜೋಡಣೆಯಾಗಿ ಲಿಂಫಿಗೆ. ಅದಕ್ಕೆ ಕಾರಣ ಮೊದಲು ನೆನಪಲ್ಲಿ ಇಡಿ ಅಂದದ್ದು. ತೆಂಗಿನೆಣ್ಣೆಯ ಟ್ರೈಗ್ಲಿಸರೈಡಲ್ಲಿ ನಡುವಿನ ಜಾಗದಲ್ಲಿ ಕೂತಿರೋದು ಹೆಚ್ಚಾಗಿ ಲಾರಿಕ್ಕೇ. ಲೈಪೇಸು ನಡುವಿನದ್ದನ್ನು ಮುಟ್ಟೋದಿಲ್ಲ, ಗ್ಲಿಸರಾಲಿನ ಜೊತೆಯೇ ಒಳಗೆ ಹೋಗ್ತದೆ, ಒಳಗೆ ಎರಡು ಉದ್ದದವು ಬಂದು ಅಂಟಿಕೊಳ್ತವೆ, ಮೂಟೆ ರೆಡಿ.

ಹಾಗೆ ನೋಡಿದ್ರೆ 40 ಗ್ರಾಮಲ್ಲಿ 20 ಗ್ರಾಮಿಗಿಂತ ಜಾಸ್ತಿಯೇ ಮಾವನ ತೂತು ಪೈಪಿನ ದಾರಿ ಹಿಡಿದಿತ್ತು. ಹೋಳಿಗೆ ಬಿಟ್ಟದ್ದೂ ಉಪಯೋಗಕ್ಕೆ ಬರ್ಲಿಲ್ಲ, ಅದರ ಜಾಗಕ್ಕೆ ಔಷಧಿ ಅಂತ ಅಷ್ಟೇ ಕೊಬ್ಬು ಬಂದಿತ್ತು. ಮಗನಿಗೆ ಇದನ್ನು ಹೇಳಿದಾಗ ಅವನ ಮೊದಲ ಮಾತು, "ಹಾಗಾದ್ರೆ ತೆಂಗಿನೆಣ್ಣೆ ಕೆಟ್ಟದ್ದಾ?" ಕೆಟ್ಟದ್ದು ಅಂತ ನಾನು ಹೇಳಿಲ್ಲ ಮಾರಾಯ, ನಮ್ಮನೆ ಒಗ್ಗರಣೆಯೂ ಅದರದ್ದೇ. ಪೈಪು ಸರಿ ಇರುವವನ ಮೈಯಲ್ಲಿ ಅದರ ಹೆಚ್ಚಿನ ಪಾಲು ಬೇರೆ ಎಣ್ಣೆಯ ಹಾಗೇ ಲಿಂಫಿಗೆ ಹೋಗ್ತದೆ, ಊರು ತಿರುಗ್ತದೆ, ಅಷ್ಟೇ. ಪಿತ್ತ ಬೇಡ, ಲಿಂಫು ಬೇಡ ಅನ್ನುವ ವಿಶೇಷ ಗುಣವನ್ನು ಎಂಟು ಹತ್ತರಿಂದ ಕದ್ದು ಹನ್ನೆರಡಕ್ಕೆ ಅಂಟಿಸಿದ್ದು ಮಾತ್ರ ನನಗೆ ಒಪ್ಪಿಗೆ ಇಲ್ಲ, ಆರೋಗ್ಯವಂತರಿಗೆ ಅದರಿಂದ ಕಿಸೆಗೆ ಮಾತ್ರ ನಷ್ಟ, ಮಾವನಂಥವರಿಗೆ ಮೈಗೂ ನಷ್ಟ.

ಆಮೇಲೆ ಬರೀ ಎಂಸಿಟಿ ಆಯಿಲ್ ಮೆಡಿಕಲಿಂದ ತರಿಸಿದ್ರು. ಅದಕ್ಕೂ ಅದರದ್ದೇ ರಗಳೆ ಉಂಟು. ಒಮ್ಮೆಲೇ ಜಾಸ್ತಿ ಕುಡಿದ್ರೆ ಹೊಟ್ಟೆ ಹಿಂಡಿ ಭೇದಿ ಆಗ್ತದೆ, ಅರ್ಧ ಚಮಚದಿಂದ ಶುರು ಮಾಡ್ಬೇಕು. ಬೇಗ ಹೊಗೆ ಬರ್ತದೆ, ಹಪ್ಪಳ ಕರೀಲಿಕ್ಕೆ ಆಗೋದಿಲ್ಲ, ಬೆಂದ ಪಲ್ಯಕ್ಕೆ, ಗಂಜಿಗೆ ಮೇಲಿಂದ ಹಾಕ್ಬೇಕು. ದೇಹಕ್ಕೆ ಬೇಕೇಬೇಕಾದ ಲಿನೋಲಿಕ್ ಆಸಿಡ್ ಅದರಲ್ಲಿ ಇಲ್ಲ, ಹಾಗಾಗಿ ಬೇರೆ ಎಣ್ಣೆ ಸೊನ್ನೆ ಮಾಡಿ ತಿಂಗಳುಗಟ್ಟಲೆ ಇರ್ಲಿಕ್ಕೂ ಬರೋದಿಲ್ಲ, ಡಾಕ್ಟ್ರು ಲೆಕ್ಕ ಮಾಡಿ ಸ್ವಲ್ಪ ಬಿಡ್ತಾರೆ. ಮೂರನೇ ಬಾಟ್ಲಿ ಹತ್ತು ದಿನ ಕಳೆದು ಬಂತು, ಮಾಮೂಲು ಹಳದಿ. ಈಥರ್ ಹಾಕಿ ನೋಡ್ಲಿಕ್ಕೂ ಎಂತದೂ ಇರ್ಲಿಲ್ಲ.

ತೂತು ತಾನಾಗಿ ಮುಚ್ಚಲಿಲ್ಲ, ಎರಡು ತಿಂಗಳಲ್ಲಿ ಪುನಃ ಶುರುವಾಯ್ತು, ಒಮ್ಮೆ ಬಿಳಿ ಗೆಡ್ಡೆ ಕಟ್ಟಿ ಮೂತ್ರವೇ ನಿಂತಿತು, ಲಿಂಫಲ್ಲೂ ಹೆಪ್ಪುಗಟ್ಟುವ ಪ್ರೋಟೀನು ಇರೋದ್ರಿಂದ ಹಾಗಾಗ್ತದೆ. ಕೊನೆಗೆ ಯೂರಾಲಜಿಯವರು ಕಿಡ್ನಿಗೆ ಕೆಳಗಿನಿಂದ ಸಣ್ಣ ನಳಿಗೆ ತೂರಿಸಿ ಪೊವಿಡೋನ್ ಅಯೊಡಿನಿನ ತೆಳು ದ್ರಾವಣ ಬಿಟ್ಟು ತೂತು ಅಂಟಿಸುವ ಅಂದ್ರು. ಅದಕ್ಕೆ ಯಾವ ಕಡೆಯ ಕಿಡ್ನಿ ಅಂತ ಮೊದಲು ಗೊತ್ತಾಗ್ಬೇಕು, ಕ್ಯಾಮರಾ ಇಟ್ಟು ಎಡದಿಂದಲಾ ಬಲದಿಂದಲಾ ಹಾಲು ಬರೋದು ಅಂತ ಕಣ್ಣಾರೆ ನೋಡ್ಬೇಕು, ಪಥ್ಯದಲ್ಲಿರುವವನಲ್ಲಿ ಎಂತ ಕಾಣ್ತದೆ? ಹಾಗಾಗಿ ಹಿಂದಿನ ರಾತ್ರಿ ತುಪ್ಪದ ಊಟ ಮಾಡಿ ಬನ್ನಿ ಅಂತ ಡಾಕ್ಟ್ರೇ ಹೇಳಿ ಕಳಿಸಿದ್ರು. ಮಾವ ಅತ್ತೆಯ ಹತ್ರ ನಾಲ್ಕು ಹೋಳಿಗೆ ಮಾಡಿಸಿ, ಒಂದೊಂದಕ್ಕೂ ತುಪ್ಪ ಹೊಯ್ಯಿಸಿಕೊಂಡು, ನನಗೊಂದು ಫೋನ್ ಮಾಡಿದ್ರು: "ಡಾಕ್ಟ್ರು ಬರ್ದು ಕೊಟ್ಟದ್ದು ಮಾರಾಯ, ಚೀಟಿ ಉಂಟು." ಮರುದಿನ ಹಾಲು ಬಂದದ್ದು ಎಡಗಡೆಯಿಂದ.